ತಕ್ಕಡಿ ತೋರಿಸಿದ್ದು ಬರೆಯುವುದು

ನಮ್ಮ ದೊಡ್ಡಪ್ಪ ವನಗೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಈ ಸೀಮೆಯ ಹೊರಗಿನವರಿಗೆ ಒಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ರೈಟರ್ ಎಂದರೆ ಕತೆ ಬರೆಯುವವನಲ್ಲ, ಹಾಜರಿ ಬರೆಯುವವನು. ಬೆಳಿಗ್ಗೆ ಆಳುಗಳ ಹೆಸರು ಕೂಗಿ ಕೆಲಸ ಹಂಚುವುದು, ಸಂಜೆ ಲೆಕ್ಕ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ಅವನ ಕೆಲಸ. ಕೊಯ್ಲಿನ ದಿನಗಳಲ್ಲಿ ಇದಕ್ಕೆ ತೂಕದ ಕೆಲಸವೂ ಸೇರಿಕೊಳ್ಳುತ್ತದೆ. ಹಣ್ಣು ಕೊಯ್ದವರಿಗೆ ಕೂಲಿ ಕೊಡುವುದು ಕಿಲೋ ಲೆಕ್ಕದಲ್ಲಿ.

ಶಾಲೆಗೆ ರಜೆಯಿದ್ದಾಗ ನಾನು ದೊಡ್ಡಪ್ಪನ ಪಕ್ಕದಲ್ಲಿ ನಿಂತು ಆ ತೂಕ ನೋಡುತ್ತಿದ್ದೆ. ಹೆಂಗಸರು ತಲೆಯ ಮೇಲೆ ಚೀಲ ಹೊತ್ತು ಬಂದು ಇಳಿಸುತ್ತಿದ್ದರು. ತಕ್ಕಡಿಯ ಮುಳ್ಳು ನಿಂತ ಮೇಲೆ ದೊಡ್ಡಪ್ಪ ಒಂದು ಸಂಖ್ಯೆ ಕೂಗಿ ಬರೆದುಕೊಳ್ಳುತ್ತಿದ್ದರು. ಮುಳ್ಳು ನಲವತ್ತೆರಡು ತೋರಿಸಿದರೆ ಅವರು ಕೂಗುತ್ತಿದ್ದುದು ನಲವತ್ತು. ಚೀಲದ ತೂಕ, ಹಣ್ಣಿಗೆ ಅಂಟಿದ ನೀರು, ಎಲೆ, ಕಡ್ಡಿ ಎಂದು ಚೀಲಕ್ಕೆ ಎರಡು ಕಿಲೋ ಕಳೆಯಬೇಕೆಂಬುದು ತೋಟದ ರೂಢಿ. ಖಾಲಿ ಚೀಲ ಒಂದು ಕಿಲೋ ಕೂಡ ತೂಗುವುದಿಲ್ಲ ಎಂಬುದು ಆ ಹೆಂಗಸರಿಗೂ ಗೊತ್ತಿತ್ತು, ದೊಡ್ಡಪ್ಪನಿಗೂ ಗೊತ್ತಿತ್ತು.

ಒಂದು ಸಲ ಒಬ್ಬಾಕೆ ಕೇಳಿಯೇಬಿಟ್ಟಳು. ‘ಏನ್ ರೈಟ್ರೇ, ನಮ್ ಚೀಲ ಅಷ್ಟು ತೂಗ್ತದಾ?’

ದೊಡ್ಡಪ್ಪ ಪುಸ್ತಕದಿಂದ ತಲೆ ಎತ್ತಲಿಲ್ಲ. ‘ತಕ್ಕಡಿ ತೋರ್ಸಿದ್ದು ಬರಿಯೋದಷ್ಟೇ ನನ್ ಕೆಲ್ಸ ಕಣವ್ವ’ ಎಂದರು.

ಅವರು ತಕ್ಕಡಿ ತೋರಿಸಿದ್ದನ್ನು ಬರೆಯುತ್ತಿರಲಿಲ್ಲ, ಅದಕ್ಕೆ ಎರಡು ಕಡಿಮೆ ಬರೆಯುತ್ತಿದ್ದರು. ಆದರೂ ಆ ಮಾತನ್ನು ಹೇಳುವಾಗ ಅವರ ದನಿಯಲ್ಲಿ ಸುಳ್ಳುಗಾರನ ಅಳುಕು ಇರಲಿಲ್ಲ. ಹುಡುಗನಾಗಿದ್ದ ನನಗೆ ಅದು ಬಹಳ ದಿನ ಬಗೆಹರಿಯದ ಸಂಗತಿಯಾಗಿತ್ತು. ಮನೆಯಲ್ಲಿ ಅವರು ಒಂದು ರೂಪಾಯಿ ಹೆಚ್ಚು ಚಿಲ್ಲರೆ ಬಂದರೂ ಅಂಗಡಿಗೆ ನಡೆದುಹೋಗಿ ವಾಪಸು ಕೊಟ್ಟು ಬರುವ ಮನುಷ್ಯ.

ದೊಡ್ಡಪ್ಪನ ಆ ದನಿಗೆ ಹೆಸರೊಂದು ಇದೆ ಎಂದು ನನಗೆ ತಿಳಿದದ್ದು ಎಂ.ಎ. ಓದುವಾಗ, ಜೀನ್ ಪಾಲ್ ಸಾರ್ತ್ರನ ಮೂಲಕ. 1943ರಲ್ಲಿ, ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಪ್ರಕಟವಾದ ‘ಬೀಯಿಂಗ್ ಅಂಡ್ ನಥಿಂಗ್‌ನೆಸ್’ ಎಂಬ ದಪ್ಪ ಪುಸ್ತಕದ ಮೊದಲ ಭಾಗದಲ್ಲೇ ಆ ಅಧ್ಯಾಯ ಬರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ‘ಬ್ಯಾಡ್ ಫೇತ್’ ಎನ್ನುತ್ತಾರೆ. ಕನ್ನಡದಲ್ಲಿ ನಾವು ಸಾಮಾನ್ಯವಾಗಿ ‘ಆತ್ಮವಂಚನೆ’ ಎಂದು ಬರೆದು ಮುಂದೆ ಹೋಗುತ್ತೇವೆ. ಮಾತು ತಪ್ಪಲ್ಲ, ಆದರೆ ಮೂಲದಲ್ಲಿರುವ ‘ನಂಬಿಕೆ’ ಎಂಬ ಅಂಶ ಅದರಲ್ಲಿ ಬಿದ್ದುಹೋಗುತ್ತದೆ. ಇಡೀ ವಿಚಾರದ ಗುಟ್ಟು ಇರುವುದೇ ಅಲ್ಲಿ.

ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ, ಕೇಳುವವನಿಗೆ ಗೊತ್ತಿರುವುದಿಲ್ಲ. ಅಲ್ಲಿ ಇಬ್ಬರಿದ್ದಾರೆ. ತನಗೆ ತಾನೇ ಸುಳ್ಳು ಹೇಳಿಕೊಳ್ಳುವವನಲ್ಲಿ ಇರುವುದು ಒಬ್ಬನೇ. ನಿಜ ಗೊತ್ತಿರುವವನೂ ಅವನೇ, ಗೊತ್ತಿಲ್ಲದವನೂ ಅವನೇ. ಇದು ಹೇಗೆ ಸಾಧ್ಯ? ಮನಸ್ಸಿನೊಳಗೆ ಒಬ್ಬ ಕಾವಲುಗಾರ ಕೂತು ಬೇಡದ ನಿಜಗಳನ್ನು ತಡೆಯುತ್ತಾನೆ ಎಂಬ ಫ್ರಾಯ್ಡನ ಉತ್ತರ ಸಾರ್ತ್ರನಿಗೆ ಒಪ್ಪಿಗೆಯಾಗಲಿಲ್ಲ. ಯಾವುದನ್ನು ತಡೆಯಬೇಕೆಂದು ಆ ಕಾವಲುಗಾರನಿಗೆ ಗೊತ್ತಿರಬೇಕಲ್ಲ, ಹಾಗಾದರೆ ಸುಳ್ಳು ಶುರುವಾಗುವುದು ಅವನಿಂದಲೇ ಅಲ್ಲವೇ ಎಂದು ಕೇಳಿದ. ಅವನ ಸ್ವಂತ ಉತ್ತರ ಸರಳವಾದದ್ದು. ಇಂಥ ಮನುಷ್ಯ ನಿಜವನ್ನು ಮುಚ್ಚಿಡುವುದಿಲ್ಲ, ಪುರಾವೆಯ ಅಳತೆಯನ್ನು ಮೊದಲೇ ಸಡಿಲ ಮಾಡಿಕೊಂಡಿರುತ್ತಾನೆ. ತನಗೆ ಬೇಕಾದದ್ದನ್ನು ನಂಬಲು ಇಷ್ಟು ಆಧಾರ ಸಾಕು ಎಂದು ತೀರ್ಮಾನಿಸಿಬಿಟ್ಟಿರುತ್ತಾನೆ. ದೊಡ್ಡಪ್ಪನ ತಕ್ಕಡಿಯ ಹಾಗೆ, ತೂಕಕ್ಕೆ ಮುಂಚೆಯೇ ಎರಡು ಕಿಲೋ ಕಳೆದಾಗಿರುತ್ತದೆ.

ಸಾರ್ತ್ರ ಕೊಡುವ ಉದಾಹರಣೆಗಳಲ್ಲಿ ಕಾಫಿ ಹೋಟೆಲಿನ ಮಾಣಿಯದು ಪ್ರಸಿದ್ಧ. ಅವನ ನಡಿಗೆ ಸ್ವಲ್ಪ ಹೆಚ್ಚೇ ಚುರುಕು, ಬಾಗುವುದು ಸ್ವಲ್ಪ ಹೆಚ್ಚೇ ವಿನಯ, ತಟ್ಟೆ ಹಿಡಿಯುವ ರೀತಿಯಲ್ಲಿ ಸ್ವಲ್ಪ ಹೆಚ್ಚೇ ಕಸರತ್ತು. ಅವನು ಮಾಣಿಯ ಆಟ ಆಡುತ್ತಿದ್ದಾನೆ. ಇದನ್ನು ಓದಿದವರು ಎಷ್ಟೋ ಸಲ ‘ಪಾತ್ರ ವಹಿಸುವುದೇ ತಪ್ಪು, ಮುಖವಾಡ ಕಳಚಿ ನಿಜವಾದ ನೀನಾಗು’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಸಾರ್ತ್ರ ಹಾಗೆ ಹೇಳಿಲ್ಲ. ಅವನ ಪ್ರಕಾರ ಮುಖವಾಡದ ಹಿಂದೆ ‘ನಿಜವಾದ ನಾನು’ ಎಂಬ ಗಟ್ಟಿ ವಸ್ತುವೇ ಇಲ್ಲ. ಕಲ್ಲು ಕಲ್ಲಾಗಿರುವ ಹಾಗೆ ಮನುಷ್ಯ ಮಾಣಿಯಾಗಿರಲು ಸಾಧ್ಯವಿಲ್ಲ. ಬೆಳಿಗ್ಗೆ ಐದಕ್ಕೆ ಏಳುವುದೋ ಬಿಡುವುದೋ ಎಂಬುದನ್ನು ಅವನು ದಿನಾ ಹೊಸದಾಗಿ ತೀರ್ಮಾನಿಸಲೇಬೇಕು. ಎದ್ದು ಹೋಗದಿದ್ದರೆ ಕೆಲಸ ಹೋಗುತ್ತದೆ, ಮಕ್ಕಳು ಉಪವಾಸ ಬೀಳುತ್ತಾರೆ ಎಂಬುದೂ ನಿಜವೇ. ಹೀಗೆ ಅವನ ಪರಿಸ್ಥಿತಿ ಒಂದು ಕಡೆ ಇದೆ, ಅದರೊಳಗೆ ಅವನಿಗಿರುವ ಆಯ್ಕೆ ಇನ್ನೊಂದು ಕಡೆ ಇದೆ. ಎರಡನ್ನೂ ಒಟ್ಟಿಗೆ ಹೊತ್ತು ನಡೆಯುವುದು ಕಷ್ಟ. ಆದ್ದರಿಂದ ಒಂದನ್ನು ಹಿಡಿದು ಇನ್ನೊಂದನ್ನು ಮರೆಯುತ್ತೇವೆ. ‘ನಾನು ಬರೀ ರೈಟರ್’ ಎನ್ನುವುದು ಒಂದು ಬಗೆ. ‘ನಾನು ಈ ಕೆಲಸದಲ್ಲಿ ಇದ್ದೇನಷ್ಟೇ, ನನ್ನ ಮನಸ್ಸು ಎಲ್ಲೋ ಮೇಲಿದೆ’ ಎನ್ನುವುದು ಇನ್ನೊಂದು ಬಗೆ. ಎರಡೂ ಬ್ಯಾಡ್ ಫೇತೇ. ಎರಡನೆಯದು ಓದಿದವರಲ್ಲಿ ಹೆಚ್ಚು ಎಂದು ನನ್ನ ಅನುಭವ.

ಇನ್ನೊಂದು ಉದಾಹರಣೆಯನ್ನು ಹೇಳಬೇಕು, ಮುಂದೆ ಬೇಕಾಗುತ್ತದೆ. ಒಬ್ಬಾಕೆ ಒಬ್ಬನ ಜೊತೆ ಮೊದಲ ಸಲ ಹೊರಗೆ ಬಂದಿದ್ದಾಳೆ. ಅವನು ಮಾತಿನ ನಡುವೆ ಅವಳ ಕೈ ಹಿಡಿಯುತ್ತಾನೆ. ಕೈ ಹಿಂತೆಗೆದರೆ ಒಂದು ತೀರ್ಮಾನವಾಗುತ್ತದೆ, ಬಿಟ್ಟರೆ ಇನ್ನೊಂದಾಗುತ್ತದೆ. ಅವಳು ಕೈಯನ್ನು ಅಲ್ಲೇ ಬಿಟ್ಟು, ಬಿಟ್ಟಿರುವುದು ತನ್ನ ಗಮನಕ್ಕೇ ಬಂದಿಲ್ಲವೆಂಬಂತೆ ಜೀವನ, ಆತ್ಮ ಎಂದು ದೊಡ್ಡ ಮಾತುಗಳಿಗೆ ಹೊರಳುತ್ತಾಳೆ. ಕೈ ಒಂದು ವಸ್ತುವಿನಂತೆ ಅವನ ಕೈಯೊಳಗೆ ಬಿದ್ದಿರುತ್ತದೆ. ಈ ಉದಾಹರಣೆಯಲ್ಲಿ ಹೆಣ್ಣೇ ಏಕೆ ಸಿಕ್ಕಿಬೀಳಬೇಕು, ಕೈ ಹಿಡಿದವನ ನಾಟಕವನ್ನು ಏಕೆ ಪರೀಕ್ಷೆ ಮಾಡಬಾರದು ಎಂದು ಕೇಳಬಹುದು. ಕೇಳಲೇಬೇಕು. ನಮ್ಮಲ್ಲಿ ಇದೇ ಸನ್ನಿವೇಶವನ್ನು ಗಂಡಿನ ಕಡೆಯಿಂದ ಬರೆದವರು ಯು.ಆರ್. ಅನಂತಮೂರ್ತಿ.

‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ನೋಡಿದ ನಂತರ ಬರೆದದ್ದು ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ಕಾದಂಬರಿಯನ್ನು ಬ್ರಾಹ್ಮಣ್ಯದ ವಿಮರ್ಶೆ ಎಂದು ಓದಿದ್ದೇವೆ, ಜಗಳವಾಡಿದ್ದೇವೆ. ನಾನು ಇಲ್ಲಿ ಕೇಳುವುದು ಸಣ್ಣ ಪ್ರಶ್ನೆ. ಪ್ರಾಣೇಶಾಚಾರ್ಯರು ಯಾವ ಯಾವ ಹಂತದಲ್ಲಿ, ಯಾವುದರ ಹಿಂದೆ ಅಡಗುತ್ತಾರೆ?

ಮೊದಲು ಅಗ್ರಹಾರದ ಉಳಿದವರನ್ನು ಬದಿಗಿಡೋಣ. ನಾರಣಪ್ಪ ಸತ್ತಿದ್ದಾನೆ. ಅವನ ಸಂಸ್ಕಾರ ಮಾಡಬೇಕಾದ ಸಂಬಂಧಿಕರು ಗರುಡಾಚಾರ್ಯ, ಲಕ್ಷ್ಮಣಾಚಾರ್ಯ. ಇಬ್ಬರೂ ಶಾಸ್ತ್ರ ಹೇಳಿ ಜಾರಿಕೊಳ್ಳುತ್ತಾರೆ. ಚಂದ್ರಿ ತನ್ನ ಬಂಗಾರವನ್ನು ತಂದು ಮುಂದಿಟ್ಟ ಕೂಡಲೇ ಇಬ್ಬರಿಗೂ ಅದೇ ಶಾಸ್ತ್ರ ಬೇರೆ ಥರ ಕಾಣತೊಡಗುತ್ತದೆ. ಹಸಿವು ತಾಳದ ದಾಸಾಚಾರ್ಯ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ತಿಂದು ಬರುತ್ತಾನೆ. ಇವರನ್ನು ಓದಿ ನಾವು ನಗುತ್ತೇವೆ, ಸಿಟ್ಟಾಗುತ್ತೇವೆ. ಆದರೆ ಇವರದು ಸಾರ್ತ್ರ ಹೇಳುವ ಬ್ಯಾಡ್ ಫೇತ್ ಅಲ್ಲ ಎಂದೇ ನನ್ನ ಅಭಿಪ್ರಾಯ. ಇವರು ಸಾದಾ ಸುಳ್ಳುಗಾರರು. ತಮಗೆ ಏನು ಬೇಕು ಎಂಬುದು ಇವರಿಗೆ ಚೆನ್ನಾಗಿ ಗೊತ್ತು, ಮುಚ್ಚಿಡಬೇಕಾದದ್ದು ಪಕ್ಕದ ಮನೆಯವರಿಂದ ಮಾತ್ರ. ದಾಸಾಚಾರ್ಯ ತಿನ್ನುವಾಗ ತಾನು ತಿನ್ನುತ್ತಿಲ್ಲ ಎಂದೇನೂ ನಂಬಿಕೊಳ್ಳುವುದಿಲ್ಲ.

ಆಚಾರ್ಯರ ವಿಷಯ ಬೇರೆ. ಅವರು ಯಾರಿಗೂ ಸುಳ್ಳು ಹೇಳಿದವರಲ್ಲ. ಕಾಶಿಯಲ್ಲಿ ಓದಿದವರು, ವೇದಾಂತ ಶಿರೋಮಣಿ. ಹುಟ್ಟಾ ರೋಗಿಷ್ಠೆಯಾದ ಭಾಗೀರಥಿಯನ್ನು ಬೇಕೆಂದೇ ಮದುವೆಯಾಗಿ, ಇಪ್ಪತ್ತು ವರ್ಷ ಅವಳನ್ನು ಎತ್ತಿ, ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಔಷಧಿ ಕೊಟ್ಟು ನೋಡಿಕೊಂಡವರು. ಬೇರೆ ಮದುವೆಯಾಗಿ ಎಂದು ಅವಳೇ ಹೇಳಿದರೂ ನಕ್ಕು ಸುಮ್ಮನಾದವರು. ಇದರಲ್ಲಿ ದೋಷ ಎಲ್ಲಿದೆ? ಕಾದಂಬರಿ ಅದನ್ನು ಮೊದಲ ಪುಟಗಳಲ್ಲೇ ಮೆಲ್ಲಗೆ ಇಟ್ಟಿದೆ. ಈ ಸೇವೆ ತನ್ನನ್ನು ಮೋಕ್ಷಕ್ಕೆ ಹದಗೊಳಿಸುತ್ತಿದೆ ಎಂಬ ತೃಪ್ತಿ ಅವರಿಗಿದೆ. ಭಾಗೀರಥಿ ಕಾಯಿಲೆಯ ಹೆಂಗಸು ಎಂಬುದಕ್ಕಿಂತ ಅವರ ಸಾಧನೆಯ ಸಾಮಗ್ರಿ. ಅವರ ದಿನಚರಿಯಲ್ಲಿ ಹೋಟೆಲಿನ ಮಾಣಿಯ ಆ ‘ಸ್ವಲ್ಪ ಹೆಚ್ಚೇ’ ಇದೆ. ತ್ಯಾಗಿಯ ಪಾತ್ರವನ್ನು ಅವರು ಒಂದು ದಿನವೂ ತಪ್ಪದೆ, ಚ್ಯುತಿಯಿಲ್ಲದೆ ಆಡುತ್ತಾರೆ. ಆಡುತ್ತ ಆಡುತ್ತ ತಾನು ತ್ಯಾಗಿಯೇ ಎಂದು, ಕಲ್ಲು ಕಲ್ಲಾಗಿರುವ ಹಾಗೆ, ನಂಬಿದ್ದಾರೆ.

ಇಂಥ ನಂಬಿಕೆಯ ಪರೀಕ್ಷೆ ಆಗುವುದು ಪುಸ್ತಕದಲ್ಲಿಲ್ಲದ ಪ್ರಶ್ನೆ ಎದುರಾದಾಗ. ಬ್ರಾಹ್ಮಣ್ಯ ಬಿಟ್ಟವನು ನಾರಣಪ್ಪ, ಆದರೆ ಬ್ರಾಹ್ಮಣ್ಯ ಅವನನ್ನು ಬಿಟ್ಟಿರಲಿಲ್ಲ, ಬಹಿಷ್ಕಾರ ಹಾಕಿರಲಿಲ್ಲ. ಅವನ ಹೆಣಕ್ಕೆ ಯಾರು ಸಂಸ್ಕಾರ ಮಾಡಬೇಕು? ಎಲ್ಲರೂ ಆಚಾರ್ಯರ ಮುಖ ನೋಡುತ್ತಾರೆ. ಆಚಾರ್ಯರು ತಾಳೆಗರಿ ನೋಡುತ್ತಾರೆ. ಇಡೀ ರಾತ್ರಿ ಹುಡುಕುತ್ತಾರೆ. ಅಲ್ಲಿ ಸಿಗದಿದ್ದಾಗ ಮಾರುತಿಯ ಗುಡಿಗೆ ಹೋಗಿ ಪ್ರಸಾದಕ್ಕಾಗಿ ಕಾಯುತ್ತಾರೆ. ಬಲಗಡೆಯ ಹೂವು ಬಿದ್ದರೆ ಒಂದು ಅರ್ಥ, ಎಡಗಡೆಯದು ಬಿದ್ದರೆ ಇನ್ನೊಂದು. ಹೂವು ಬೀಳುವುದಿಲ್ಲ. ಹೊತ್ತು ಮುಳುಗುತ್ತದೆ, ಅತ್ತ ಹೆಣ ಕೊಳೆಯುತ್ತಿದೆ.

ಸಾರ್ತ್ರನ ಬಳಿ ಯುದ್ಧಕಾಲದಲ್ಲಿ ಒಬ್ಬ ವಿದ್ಯಾರ್ಥಿ ಬಂದಿದ್ದನಂತೆ. ಒಬ್ಬಂಟಿ ತಾಯಿಯ ಜೊತೆ ಇರಲೋ, ಇಂಗ್ಲೆಂಡಿಗೆ ಹೋಗಿ ಫ್ರಾನ್ಸಿನ ಬಿಡುಗಡೆಯ ಪಡೆ ಸೇರಲೋ ಎಂಬುದು ಅವನ ಪ್ರಶ್ನೆ. 1945ರ ಉಪನ್ಯಾಸವೊಂದರಲ್ಲಿ ಸಾರ್ತ್ರ ಇದನ್ನು ಹೇಳುತ್ತಾನೆ. ಯಾವ ಧರ್ಮಗ್ರಂಥವೂ, ಯಾವ ನೀತಿಶಾಸ್ತ್ರವೂ ಇದಕ್ಕೆ ಉತ್ತರ ಕೊಡದು. ಸಲಹೆ ಕೇಳಲು ಯಾರ ಬಳಿ ಹೋಗಬೇಕೆಂದು ಆರಿಸುವಾಗಲೇ ನೀನು ಉತ್ತರವನ್ನೂ ಆರಿಸಿರುತ್ತೀಯ. ಆಕಾಶದಿಂದ ಸಂಜ್ಞೆ ಬಂದರೂ ಅದರ ಅರ್ಥ ಹೇಳುವವನು ನೀನೇ. ಆಚಾರ್ಯರ ಸಂಗತಿಯಲ್ಲಿ ಇದು ಕಣ್ಣಿಗೆ ಕಟ್ಟುವಂತಿದೆ. ಹೂವಿನ ಬಲ ಎಡಕ್ಕೆ ಅರ್ಥ ಹಂಚಿದವರು ಅವರೇ. ಹೂವು ಬೀಳದಿದ್ದುದಕ್ಕೂ ಅರ್ಥ ಕೊಡಬಹುದಿತ್ತು, ಆಗ ತಾನು ಕೊಟ್ಟ ಅರ್ಥ ಎಂಬುದು ಬಯಲಾಗುತ್ತಿತ್ತು. ಅವರು ಭಕ್ತಿಯಿಂದ ಕಾದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಾಯುವುದು ಕೂಡ ಹೆಣವನ್ನು ಇನ್ನೊಂದು ದಿನ ಕೊಳೆಯಲು ಬಿಡುವ ತೀರ್ಮಾನವೇ ಆಗಿತ್ತು.

ಇಲ್ಲಿ ನನ್ನದೊಂದು ಸಂಗತಿ ಹೇಳಿಕೊಳ್ಳದೆ ಮುಂದೆ ಹೋಗಲಾರೆ.

ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಹಾಜರಿ ಕೊರತೆಯ ಪಟ್ಟಿ ಮಾಡುವ ಹೊಣೆ ನನ್ನದಾಗಿತ್ತು. ಶೇಕಡಾ 75 ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಪಟ್ಟಿಯಲ್ಲಿ ನಮ್ಮ ಊರ ಕಡೆಯ ಒಬ್ಬ ಹುಡುಗಿಯ ಹೆಸರಿತ್ತು. ಅವಳಿಗೆ 68 ಇತ್ತು. ಆ ವರ್ಷ ಅವಳ ಊರಿನ ದಾರಿಯಲ್ಲಿ ಆನೆಗಳು ಬೀಡುಬಿಟ್ಟಿದ್ದವು. ಬೆಳಿಗ್ಗೆ ಆನೆ ಇದೆ ಎಂದು ಸುದ್ದಿ ಬಂದರೆ ತೋಟದ ನಡುವಿನ ಮೂರು ಕಿಲೋಮೀಟರ್ ನಡೆದು ಬಸ್ಸಿಗೆ ಬರುವಂತಿರಲಿಲ್ಲ. ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು, ಅದೇ ಸೀಮೆಯವನು ನಾನು. ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಸಾರ್, ಒಂದು ಮಾತು ಪ್ರಿನ್ಸಿಪಾಲರ ಹತ್ರ ಹೇಳಿ ಸಾರ್’ ಎಂದಳು. ಪ್ರಾಂಶುಪಾಲರು ಹಿಂದಿನ ದಿನವೇ ನನ್ನನ್ನು ಕರೆದು, ನೀವು ಯಾರನ್ನಾದರೂ ಶಿಫಾರಸು ಮಾಡುವುದಿದ್ದರೆ ಬರೆದುಕೊಡಿ, ನೋಡೋಣ ಎಂದಿದ್ದರು.

ನಾನು ಸುತ್ತೋಲೆ ತೆಗೆದು ಓದಿದೆ. ವೈದ್ಯಕೀಯ ಕಾರಣ ಎಂದಿತ್ತು, ಎನ್‌.ಸಿ.ಸಿ., ಕ್ರೀಡೆ ಎಂದಿತ್ತು. ಆನೆ ಎಂದು ಎಲ್ಲಿಯೂ ಇರಲಿಲ್ಲ. ಹಿಂದಿನ ವರ್ಷಗಳ ಸುತ್ತೋಲೆಗಳನ್ನೂ ತೆಗೆದೆ. ಅರ್ಧ ದಿನ ಹುಡುಕಿದೆ. ಎಷ್ಟು ಶ್ರದ್ಧೆಯಿಂದ ಹುಡುಕುತ್ತಿದ್ದೇನೆ ಎಂದು ನನಗೇ ನನ್ನ ಮೇಲೆ ಗೌರವ ಬಂತು. ಸಂಜೆ ಅವಳಿಗೆ ‘ನನ್ನ ಕೈಯಲ್ಲಿ ಏನಿಲ್ಲಮ್ಮ, ನಿಯಮ ಹಾಗಿದೆ’ ಎಂದೆ. ಹೇಳುವಾಗ ನಾನು ಹಾಜರಿ ಪುಸ್ತಕವನ್ನೇ ನೋಡುತ್ತಿದ್ದೆ. ಅದೇ ಬೆಳಿಗ್ಗೆ ಎರಡನೇ ಬಿ.ಎ. ತರಗತಿಗೆ ‘ಸಂಸ್ಕಾರ’ದ ಮಾರುತಿ ಗುಡಿಯ ಭಾಗವನ್ನು ಪಾಠ ಮಾಡಿದ್ದೆ, ಚೆನ್ನಾಗಿ ಮಾಡಿದ್ದೆ ಎಂದು ನೆನಪು.

ನಿಯಮ ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಪರಿಸ್ಥಿತಿಯ ಬಗ್ಗೆ ಹೇಳುವ ಪ್ರತಿ ಮಾತೂ ನಿಜವಾಗಿರುವುದರಿಂದಲೇ ಬ್ಯಾಡ್ ಫೇತ್ ಗಟ್ಟಿಯಾಗಿ ನಿಲ್ಲುತ್ತದೆ. ನಾನು ಬಿಟ್ಟ ವಾಕ್ಯ ಒಂದೇ. ಶಿಫಾರಸು ಬರೆಯುವ ಪೆನ್ನು ನನ್ನ ಜೇಬಿನಲ್ಲಿತ್ತು. ಬರೆದಿದ್ದರೆ ಪ್ರಾಂಶುಪಾಲರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಬರೆದರೆ ನಾಳೆ ಇನ್ನೂ ಹತ್ತು ಜನ ಬರುತ್ತಾರೆ, ನಮ್ಮ ಊರಿನವಳೆಂದು ಬರೆದ ಎನ್ನುತ್ತಾರೆ ಎಂಬ ಭಯ ನನಗಿತ್ತು. ‘ನನಗೆ ಭಯ’ ಎಂದಿದ್ದರೆ ಅದೊಂದು ಮಾತಾಗುತ್ತಿತ್ತು. ನಾನು ಹೇಳಿದ್ದು ‘ನನ್ನ ಕೈಯಲ್ಲಿ ಇಲ್ಲ’ ಎಂದು.

ಕಾದಂಬರಿಗೆ ಮರಳುತ್ತೇನೆ. ಗುಡಿಯಿಂದ ಬರುವ ಕತ್ತಲ ದಾರಿಯಲ್ಲಿ ಚಂದ್ರಿ ಕಾಲಿಗೆ ಬೀಳುತ್ತಾಳೆ, ಹರಸಲು ಬಾಗಿದ ಆಚಾರ್ಯರ ಕೈ ಅವಳನ್ನು ಮುಟ್ಟುತ್ತದೆ, ನಡುರಾತ್ರಿ ಅವಳ ತೊಡೆಯ ಮೇಲೆ ಅವರಿಗೆ ಎಚ್ಚರವಾಗುತ್ತದೆ. ಆ ಕ್ಷಣದ ಅವರ ಮೊದಲ ತೀರ್ಮಾನ ಪ್ರಾಮಾಣಿಕವಾಗಿದೆ. ಬೆಳಿಗ್ಗೆ ಎಲ್ಲರೂ ಸೇರಿದಾಗ ನಡೆದದ್ದನ್ನು ಹೇಳಿಬಿಡೋಣ ಎನ್ನುತ್ತಾರೆ. ಆದರೆ ಅದರ ಬೆನ್ನಿಗೇ, ಹೇಳುವವಳು ನೀನಾಗು ಎಂದು ಅವಳ ಮೇಲೆ ಹಾಕುತ್ತಾರೆ. ಬೆಳಿಗ್ಗೆ ಚಂದ್ರಿ ಅಲ್ಲಿರುವುದಿಲ್ಲ. ಆಚಾರ್ಯರು ನನಗೆ ಉತ್ತರ ತಿಳಿಯದು ಎನ್ನುತ್ತಾರೆ, ಬ್ರಾಹ್ಮಣರು ಮಠಕ್ಕೆ ಹೊರಡುತ್ತಾರೆ. ಉತ್ತರ ಗೊತ್ತಿಲ್ಲ ಎಂಬುದೂ ನಿಜವೇ. ಮತ್ತೆ ಅದೇ ರೀತಿ, ನಿಜವಾದ ಒಂದು ವಾಕ್ಯ ಇನ್ನೊಂದು ವಾಕ್ಯವನ್ನು ಮುಚ್ಚುತ್ತದೆ.

ಅಲ್ಲಿಂದ ಮುಂದೆ ಭಾಗೀರಥಿ ಸತ್ತು, ಅವಳನ್ನು ಸುಟ್ಟು, ಕಾಲು ಒಯ್ದ ಕಡೆ ನಡೆಯುವ ಆಚಾರ್ಯರನ್ನು ಒಂದೇ ಪ್ರಶ್ನೆ ಕಾಡುತ್ತದೆ. ಕಾಡಿನಲ್ಲಿ ನಡೆದದ್ದು ತಾನಾಗಿ ಆದದ್ದೋ, ನಾನು ಮಾಡಿದ್ದೋ? ಸಾರ್ತ್ರನ ಉದಾಹರಣೆಯ ಆ ಬಿದ್ದ ಕೈಯನ್ನು ಇಲ್ಲಿ ನೆನೆಯಬೇಕು. ಕತ್ತಲು, ಹಸಿವು, ದಣಿವು, ಆಕಸ್ಮಿಕ ಸ್ಪರ್ಶ, ಎಲ್ಲ ಸೇರಿ ನಡೆದುಹೋಯಿತು ಎನ್ನಲು ಎಲ್ಲ ಆಧಾರವೂ ಇದೆ. ಆಚಾರ್ಯರು ಆ ವಾದವನ್ನು ಮಾಡಿಕೊಳ್ಳುತ್ತಾರೆ, ಒಂದಲ್ಲ ಹಲವು ಸಲ. ಆಮೇಲೆ ತಾವೇ ಮುರಿಯುತ್ತಾರೆ. ಹಿಡಿತ ತಪ್ಪಿತು ಎಂದರೂ ಹೊಣೆ ತಪ್ಪುವುದಿಲ್ಲ ಎಂಬ ಕಡೆಗೆ ಬರುತ್ತಾರೆ. ಇಷ್ಟು ದಿನ ನಾರಣಪ್ಪನನ್ನು ಬಹಿಷ್ಕರಿಸದೆ ಸಹಿಸಿಕೊಂಡದ್ದು ಕರುಣೆಯೋ, ಅವನನ್ನು ಗೆಲ್ಲಬೇಕೆಂಬ ಹಠವೋ ಎಂದೂ ಕೇಳಿಕೊಳ್ಳುತ್ತಾರೆ. ಕನ್ನಡದಲ್ಲಿ ಒಂದು ಮನಸ್ಸು ತನ್ನ ಜಾರುದಾರಿಗಳನ್ನು ತಾನೇ ಹಿಂಬಾಲಿಸಿ ಹಿಡಿಯುವುದನ್ನು ಇಷ್ಟು ತಾಳ್ಮೆಯಿಂದ ಬರೆದ ಪುಟಗಳು ಹೆಚ್ಚಿಲ್ಲ. ವಿ.ಎಸ್. ನೈಪಾಲ್ 1977ರ ತನ್ನ ಪುಸ್ತಕದಲ್ಲಿ ಈ ಆಚಾರ್ಯರನ್ನು ಪಾತ್ರ ಕಳಚಿದರೆ ಒಳಗೆ ಏನೂ ಉಳಿಯದ ಭಾರತೀಯ ಮನುಷ್ಯನೆಂದು ಓದಿದ. ನನಗೆ ಅದು ಅರ್ಧ ಓದು ಅನಿಸುತ್ತದೆ. ಪಾತ್ರ ಕಳಚಿದರೆ ಒಳಗೆ ಸಿದ್ಧವಸ್ತು ಇರದಿರುವುದು ಪ್ಯಾರಿಸ್ಸಿನ ಮಾಣಿಗೂ ಅಷ್ಟೇ ನಿಜ. ಆಚಾರ್ಯರ ವಿಶೇಷ ಅದನ್ನು ಕಂಡು ಗಾಬರಿಯಾಗುವುದರಲ್ಲಿದೆ, ಗಾಬರಿಯಲ್ಲೂ ವಾದ ನಿಲ್ಲಿಸದಿರುವುದರಲ್ಲಿದೆ.

ಆದರೆ ಕಾದಂಬರಿಯ ಬಗ್ಗೆ ನನ್ನ ತಕರಾರು ಬೇರೆ ಕಡೆ ಇದೆ, ಅದು ಚಂದ್ರಿಯ ಬಗ್ಗೆ.

ಅಗ್ರಹಾರವೆಲ್ಲ ಯಾರು ಸಂಸ್ಕಾರ ಮಾಡಬೇಕೆಂದು ಕೇಳುತ್ತಿದ್ದಾಗ ಹೆಣವನ್ನು ಸುಡಿಸಿದವಳು ಚಂದ್ರಿ. ಆ ರಾತ್ರಿಯೇ ಅವಳು ಒಬ್ಬ ಗಾಡಿಯವನನ್ನು ಕೇಳುತ್ತಾಳೆ, ಅವನು ಬ್ರಾಹ್ಮಣನ ಹೆಣವೆಂದು ಹೆದರಿ ಹೋಗುತ್ತಾನೆ. ಆಮೇಲೆ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕೇಳುತ್ತಾಳೆ. ಹಿಂದೆ ನಾರಣಪ್ಪ ಅವನ ಕಷ್ಟಕ್ಕೆ ಆಗಿದ್ದ, ಅವನು ಒಪ್ಪುತ್ತಾನೆ. ಇಬ್ಬರೂ ಸೇರಿ ಹೆಣ ಸಾಗಿಸಿ ಸುಟ್ಟು ಬರುತ್ತಾರೆ. ಮುಗಿಯಿತು. ಇಡೀ ಕಾದಂಬರಿಯ ಪ್ರಶ್ನೆಗೆ ಉತ್ತರ ಕತೆಯ ಅರ್ಧದಲ್ಲೇ ಸಿಕ್ಕಿದೆ. ಬ್ರಾಹ್ಮಣರಿಗೆ ಅದು ತಿಳಿಯದು, ಅವರು ಖಾಲಿ ಮನೆಯ ಸುತ್ತ ತಮ್ಮ ಪ್ರಶ್ನೆಯನ್ನು ಹೊತ್ತು ಮಠಕ್ಕೆ ಹೋಗುತ್ತಿದ್ದಾರೆ. ಈ ವ್ಯಂಗ್ಯ ಅದ್ಭುತವಾಗಿದೆ.

ಆದರೆ ಆ ತೀರ್ಮಾನಕ್ಕೆ ಬರುವಾಗ ಚಂದ್ರಿಯ ಮನಸ್ಸಿನಲ್ಲಿ ಏನಾಯಿತು? ಆಚಾರ್ಯರ ಒಂದು ಸ್ಪರ್ಶಕ್ಕೆ ಪುಟಗಟ್ಟಲೆ ತರ್ಕವಿದೆ, ಚಂದ್ರಿಯ ಇಡೀ ರಾತ್ರಿಗೆ ಕೆಲವೇ ಸಾಲು. ಅವಳೂ ಪಾತ್ರವೊಂದರಲ್ಲಿ ಇದ್ದವಳೇ. ಸೂಳೆಯ ಮನೆತನದಲ್ಲಿ ಹುಟ್ಟಿದವಳು, ಹೆಣದ ಕಾರ್ಯದಲ್ಲಿ ಯಾವ ಹಕ್ಕೂ ಇಲ್ಲದವಳು, ‘ನನ್ನ ಕೈಯಲ್ಲಿ ಏನಿದೆ’ ಎನ್ನಲು ಎಲ್ಲರಿಗಿಂತ ಹೆಚ್ಚು ಕಾರಣವಿದ್ದವಳು. ಅವಳು ಹಾಗೆನ್ನಲಿಲ್ಲ. ಏಕೆ ಅನ್ನಲಿಲ್ಲ ಎಂಬುದು ಕಾದಂಬರಿಗೆ ಕುತೂಹಲದ ವಿಷಯವಲ್ಲ. ಅವಳಿಗೆ ಅದು ಸಹಜ, ಅವಳು ಪ್ರಕೃತಿಯ ಹಾಗೆ, ಹೊಳೆಯ ಹಾಗೆ ಎಂಬ ಭಾವ ಬರವಣಿಗೆಯ ಉದ್ದಕ್ಕೂ ಇದೆ. ಬೆಳ್ಳಿಯ ಚಿತ್ರಣದಲ್ಲೂ ಅದೇ. ಮನುಷ್ಯನಿಗೆ ಮೊದಲೇ ಬರೆದಿಟ್ಟ ಸ್ವಭಾವವಿಲ್ಲ ಎಂದು ತೋರಿಸುವ ಕಾದಂಬರಿ ಈ ಹೆಂಗಸರಿಗೆ ಮಾತ್ರ ಸ್ವಭಾವವೊಂದನ್ನು ಬರೆದುಕೊಟ್ಟಿದೆ. ಆಚಾರ್ಯರು ಭಾಗೀರಥಿಯನ್ನು ಸಾಧನೆಯ ಸಾಮಗ್ರಿ ಮಾಡಿಕೊಂಡದ್ದನ್ನು ಕಂಡ ಕಣ್ಣು, ಆಚಾರ್ಯರ ಜ್ಞಾನೋದಯಕ್ಕೆ ಚಂದ್ರಿ ಸಾಮಗ್ರಿಯಾದದ್ದನ್ನು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಇದು ಹಳೆಯ ಆಕ್ಷೇಪಣೆ ಎನ್ನಬಹುದು. ನನಗೆ ಅದು ಹೆಣ್ಣಿನ ಚಿತ್ರಣದ ಪ್ರಶ್ನೆ ಮಾತ್ರವಲ್ಲ. ಅಡಗಲು ಕಾರಣವಿದ್ದೂ ಅಡಗದ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವ ಅವಕಾಶ ಆ ಪುಟಗಳಲ್ಲಿತ್ತು.

ಕೊನೆಯ ಭಾಗದಲ್ಲಿ ಮಾಲೇರರ ಪುಟ್ಟ ಗಂಟುಬೀಳುತ್ತಾನೆ. ಮೇಳಿಗೆಯ ತೇರಿನ ಜನಜಂಗುಳಿಯಲ್ಲಿ ಆಚಾರ್ಯರು ತಾನು ಯಾರೆಂದು ಮರೆಮಾಚುತ್ತ ಅವನ ಜೊತೆ ಸುತ್ತುತ್ತಾರೆ, ಕೋಳಿ ಅಂಕ ನೋಡುತ್ತಾರೆ, ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ, ಯಾರೋ ಗುರುತು ಹಿಡಿದಾಗ ಎದ್ದು ಓಡುತ್ತಾರೆ. ಆಮೇಲೆ ಅಗ್ರಹಾರಕ್ಕೆ ಮರಳಿ ಎಲ್ಲವನ್ನೂ ಹೇಳಿಬಿಡುವುದೆಂದು ನಿಶ್ಚಯಿಸುತ್ತಾರೆ. ಗಾಡಿಯೊಂದರಲ್ಲಿ ಒಬ್ಬರಿಗೆ ಮಾತ್ರ ಜಾಗವಿದೆ. ಪುಟ್ಟ ಉಳಿಯುತ್ತಾನೆ, ಆಚಾರ್ಯರು ಹೊರಡುತ್ತಾರೆ. ಅಗ್ರಹಾರ ತಲುಪುವ ಮೊದಲೇ ಕಾದಂಬರಿ ನಿಲ್ಲುತ್ತದೆ.

ಹೇಳಿಬಿಟ್ಟರೆ ಬಿಡುಗಡೆ ಎಂದು ನಾವು ಓದಿಕೊಳ್ಳುತ್ತೇವೆ. ಸಾರ್ತ್ರನಿಗೆ ಅಲ್ಲೂ ಅನುಮಾನವಿತ್ತು. ‘ಹೌದು, ನಾನು ಪಾಪಿ’ ಎಂದು ಒಪ್ಪಿಕೊಳ್ಳುವವನು ಎಷ್ಟೋ ಸಲ ಆ ಒಪ್ಪಿಗೆಯಿಂದಲೇ ಪಾಪವನ್ನು ಒಂದು ವಸ್ತುವಾಗಿಸಿ ಕೆಳಗಿಡುತ್ತಾನೆ, ಒಪ್ಪಿಕೊಂಡ ಪ್ರಾಮಾಣಿಕನಾಗಿ ತಾನು ಪಕ್ಕದಲ್ಲಿ ನಿಲ್ಲುತ್ತಾನೆ. ಶಿರೋಮಣಿಯ ಪಾತ್ರ ಬಿಟ್ಟು ಪಶ್ಚಾತ್ತಾಪಿಯ ಪಾತ್ರ ಹಿಡಿದಂತೆ. ಆಚಾರ್ಯರು ಊರು ತಲುಪಿದ್ದರೆ ಏನಾಗುತ್ತಿತ್ತೋ! ಅನಂತಮೂರ್ತಿ ಅವರನ್ನು ದಾರಿಯಲ್ಲೇ ಬಿಟ್ಟದ್ದು ಸರಿಯಾಗಿದೆ ಎಂದು ನನಗೆ ಮೊದಲು ಅನಿಸಿರಲಿಲ್ಲ, ಹಾರಿಕೆಯ ಅಂತ್ಯ ಎಂದೇ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೆ. ಈಗ ಹಾಗೆ ಹೇಳುವುದಿಲ್ಲ.

ಕಳೆದ ವರ್ಷ ದೊಡ್ಡಮ್ಮನನ್ನು ನೋಡಲು ಊರಿಗೆ ಹೋದವನು ವಾಪಸು ಬರುವಾಗ ವನಗೂರಿನಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದೆ. ‘ಸಾರ್, ಚೆನ್ನಾಗಿದೀರಾ?’ ಎಂದು ಯಾರೋ ಕೇಳಿದರು. ಅದೇ ಹುಡುಗಿ, ಕಂಕುಳಲ್ಲಿ ಮಗು. ಆ ವರ್ಷ ಪರೀಕ್ಷೆ ತಪ್ಪಿದ ಮೇಲೆ ಅವಳು ಕಾಲೇಜಿಗೆ ಬರಲಿಲ್ಲ, ಮದುವೆಯಾಯಿತು ಎಂದು ಕೇಳಿದ್ದೆ. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ದೊಡ್ಡಮ್ಮನ ಆರೋಗ್ಯ ವಿಚಾರಿಸಿದಳು, ಈ ಸಲ ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಹಣ್ಣೆಲ್ಲ ಉದುರಿತು ಎಂದಳು.

ನಾನು ಆ ಪೆನ್ನಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಅವಳು ‘ಅಯ್ಯೋ, ಬಿಡಿ ಸಾರ್’ ಎನ್ನುತ್ತಾಳೆ, ಆ ಮಾತಿಗಾಗಿಯೇ ನಾನು ಹೇಳಲು ಹೊರಟಿದ್ದೇನೆ ಎಂದು ಹೊಳೆಯಿತು. ಹೇಳದೆ ಸುಮ್ಮನಿರಲು ಇದಕ್ಕಿಂತ ಒಳ್ಳೆಯ ಕಾರಣ ಸಿಗದು ಎಂದೂ ಅದರ ಬೆನ್ನಿಗೇ ಹೊಳೆಯಿತು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ‘ಸೀಟು ಹಿಡೀರಿ ಸಾರ್, ತುಂಬ್ಕೊಂಡೇ ಬಂದಿರ್ತದೆ’ ಎಂದಳು.